ಡೇ 1, ಡೇ 2, ಡೇ 3: ಟ್ರೈನ್ ಟೈಮ್‌ಟೇಬಲ್ಲಲ್ಲಿ ಆ ಸಣ್ಣ ಕಾಲಮ್ ಹೇಳೋದೇನು

ಐಆರ್‌ಸಿಟಿಸಿಲೋ ಬೇರೆ ಯಾವ್ದಾದ್ರೂ ರೈಲ್ವೆ ಆ್ಯಪಲ್ಲೋ ಒಂದು ಟ್ರೈನಿನ ಪೂರ್ತಿ ರೂಟ್ ತೆಗೆದು ನೋಡಿ, ಸ್ಟೇಷನ್ ಹೆಸ್ರು, ಬರೋ ಟೈಮು, ಹೊರಡೋ ಟೈಮು, ಕಿಲೋಮೀಟರ್ ಎಲ್ಲಾ ಇರುತ್ತೆ, ಜೊತೆಗೆ ಒಂದು ಮೂಲೇಲಿ ಡೇ ಅಂತ ಒಂದು ಕಾಲಮ್. ಅದ್ರಲ್ಲಿ 1, 1, 1, ಆಮೇಲೆ 2, 2, ಆಮೇಲೆ 3. ಎಲ್ರೂ ನೋಡೋದು ಟೈಮನ್ನ, ಈ ಅಂಕಿನ ನೋಡೋರು ಕಮ್ಮಿ. ಆದ್ರೆ ರಾತ್ರಿ ಟ್ರೈನ್ ಹಿಡಿಯೋರಿಗೆ ಟೈಮಿಗಿಂತ ಇದೇ ಮುಖ್ಯ.

ಡೇ 1 ಅಂದ್ರೆ ಟ್ರೈನು ತನ್ನ ಮೊದಲನೇ ಸ್ಟೇಷನ್ ಬಿಡೋ ಕ್ಯಾಲೆಂಡರ್ ತಾರೀಖು, ಅಷ್ಟೇ. ನೀವು ಹತ್ತೋ ದಿನ ಅಲ್ಲ. ಗಡಿಯಾರ 23:59 ದಾಟಿ 00:00 ಆದ ಕೂಡ್ಲೇ ಡೇ 2 ಶುರು, ಟ್ರೈನ್ ಹೊರಟು 24 ಗಂಟೆ ಆಗ್ಬೇಕು ಅಂತೇನಿಲ್ಲ. ರಾತ್ರಿ 11:50ಕ್ಕೆ ಹೊರಟ ಗಾಡಿ ಹತ್ತೇ ನಿಮಿಷಕ್ಕೆ ಡೇ 2ಗೆ ಬಂದ್ಬಿಡುತ್ತೆ. ಅಂದ್ರೆ ಡೇ ನಂಬರಲ್ಲಿ ಒಂದು ಕಳೆದ್ರೆ ಎಷ್ಟು ಮಧ್ಯರಾತ್ರಿ ದಾಟಿದೆ ಅಂತ ಸಿಗುತ್ತೆ. ಫ್ಲೈಟ್ ಟಿಕೆಟಲ್ಲಿ ಬರೋ +1 ಇದಕ್ಕಿಂತ ಬೇರೆ ಲೆಕ್ಕ, ಅಲ್ಲಿ ಹೊರಟ ದಿನ ಸೊನ್ನೆ, ಇಲ್ಲಿ ಹೊರಟ ದಿನ ಒಂದು. ಅದಕ್ಕೇ ಡೇ 2 ನೋಡಿ "ಎರಡು ದಿನ ಬಿಟ್ಟು ತಲುಪುತ್ತೆ" ಅಂತ ಕೆಲವ್ರು ಗಾಬರಿ ಆಗೋದು, ಅದು ಬರೀ ಮಾರನೇ ದಿನ.

ಗೊಂದಲ ಎಲ್ಲಾ ಹುಟ್ಟೋದು ನಾವು ದಿನ ಎಣಿಸೋ ರೀತಿಲಿ. ಪಂಚಾಂಗದಲ್ಲಿ ವಾರ ಬದಲಾಗೋದು ಸೂರ್ಯ ಹುಟ್ಟಿದ ಮೇಲೆ, ಮಾತಲ್ಲೂ ನಮ್ದು ಅದೇ ಲೆಕ್ಕ. ಸೋಮವಾರ ಊಟ ಮಾಡಿ, ಎದ್ದಿದ್ದು, ಎರಡು ಗಂಟೆಗೆ ಟ್ರೈನ್ ಹತ್ತಿದ್ರೆ "ಸೋಮವಾರ ರಾತ್ರಿ ಎರಡು ಗಂಟೆ ಗಾಡಿ" ಅಂತೀವಿ, ಮಂಗಳವಾರ ಬೆಳಗ್ಗೆ ಎರಡು ಗಂಟೆ ಅಂತ ಯಾರೂ ಅನ್ನಲ್ಲ. ರೈಲ್ವೆಗೆ ಮಾತ್ರ ಅದು ಪಕ್ಕಾ ಮಂಗಳವಾರ.

ಕರ್ನಾಟಕ ಎಕ್ಸ್‌ಪ್ರೆಸ್ ತಗೊಳ್ಳೋಣ, 12627, ಬೆಂಗಳೂರಿಂದ ನವದೆಹಲಿಗೆ ದಿನಾ ಓಡೋ ಗಾಡಿ. ಸಂಜೆ 19:20ಕ್ಕೆ ಬೆಂಗಳೂರು ಬಿಡುತ್ತೆ, ದೆಹಲಿಗೆ ಡೇ 3ರ ಬೆಳಗ್ಗೆ 9ರ ಹೊತ್ತಿಗೆ ಸೇರುತ್ತೆ (ಟೈಮು ಆಗಾಗ ಬದಲಾಗುತ್ತೆ, ಹೊರಡೋ ಮುಂಚೆ ಒಂದ್ಸಲ ನೋಡ್ಕೊಳ್ಳಿ). 14ನೇ ತಾರೀಖು ಸೋಮವಾರ ಹೊರಟಿದೆ ಅಂದ್ಕೊಳ್ಳಿ. 15ರ ಸಂಜೆ 19:20ಕ್ಕೆ 24 ಗಂಟೆ, 16ರ ಸಂಜೆ 19:20ಕ್ಕೆ 48 ಗಂಟೆ, ಆದ್ರೆ ಗಾಡಿ 16ರ ಬೆಳಗ್ಗೆ 9ಕ್ಕೇ ಬಂದಾಯ್ತು, ಅಂದ್ರೆ 10 ಗಂಟೆ 20 ನಿಮಿಷ ಮುಂಚೆ. ಉಳಿದಿದ್ದು 37 ಗಂಟೆ 40 ನಿಮಿಷ. ಡೇ 3 ಅಂತ ಬರೆದಿದ್ರೂ ಪ್ರಯಾಣ ಪೂರ್ತಿ ಎರಡು ದಿನ ಕೂಡ ಇಲ್ಲ. ಊಟದ ಲೆಕ್ಕ ಹಾಕೋರು ಇದನ್ನ ಗಮನಿಸ್ಬೇಕು, ನಡುವೆ ಒಂದೇ ಪೂರ್ತಿ ಹಗಲು.

ಈಗ ಇದೇ ಗಾಡಿನ ರಾಯಚೂರಲ್ಲಿ ಹತ್ತೋರ ಕಡೆಯಿಂದ ನೋಡಿ. ರಾಯಚೂರಿಗೆ ಇದು ಬರೋದು ಮಧ್ಯರಾತ್ರಿ ದಾಟಿದ ಮೇಲೆ, ಎರಡು ಗಂಟೆ ಆಸುಪಾಸು, ಕಾಲಮಲ್ಲಿ ಡೇ 2. ಸೋಮವಾರ ಬೆಂಗಳೂರು ಬಿಟ್ಟ ಗಾಡಿ ರಾಯಚೂರಿಗೆ ಮಂಗಳವಾರ 15ಕ್ಕೆ ಬಂತು. ಬುಕ್ ಮಾಡೋವಾಗ ಹಾಕ್ಬೇಕಾದ ತಾರೀಖು ನೀವು ಹತ್ತೋ ಸ್ಟೇಷನ್ನಿಂದ ಗಾಡಿ ಹೊರಡೋ ತಾರೀಖು, ಅಂದ್ರೆ 15. ಮನೆ ಬಿಟ್ಟು ಸ್ಟೇಷನ್ನಿಗೆ ಹೋಗ್ಬೇಕಾಗಿರೋದು 14ರ ರಾತ್ರಿ. ಇಲ್ಲೇ ಜನ ಎಡವೋದು, ಟಿಕೆಟಲ್ಲಿ 15 ಅಂತ ಇದೆ, 15ರ ರಾತ್ರಿ ಊಟ ಮುಗಿಸಿ ಆರಾಮಾಗಿ ಹೊರಟ್ರು, ಒಂದೂವರೆಗೆ ಪ್ಲಾಟ್‌ಫಾರ್ಮಲ್ಲಿ ನಿಂತ್ರು, ಗಾಡಿನೂ ಬಂತು! ನಂಬರ್ ಅದೇ, ಹೆಸ್ರು ಅದೇ, ಬೋಗಿ ಅದೇ, ಬರ್ತ್ ನಂಬರೂ ಅದೇ, ಆದ್ರೆ ಅಲ್ಲಿ ಬೇರೆ ಯಾರೋ ಹೊದ್ಕೊಂಡು ಮಲ್ಗಿದಾರೆ. ಯಾಕಂದ್ರೆ ಇದು 15ರ ಸಂಜೆ ಬೆಂಗಳೂರು ಬಿಟ್ಟ ಗಾಡಿ, ನಿಮ್ದು ಹಿಂದಿನ ರಾತ್ರಿನೇ ಹೋಯ್ತು. ದಿನಾ ಓಡೋ ಗಾಡಿಲಿ ಇದೇ ಕಷ್ಟ, ತಪ್ಪಾಗಿದೆ ಅಂತ ಬೋಗಿ ಒಳಗೆ ಹೋಗೋತನಕ ಗೊತ್ತೇ ಆಗಲ್ಲ. ವಾರಕ್ಕೊಂದು ಗಾಡಿ ಆಗಿದ್ರೆ ಸ್ಟೇಷನ್ ಬೋರ್ಡಲ್ಲೇ ಹೆಸ್ರು ಕಾಣದೆ ಅನುಮಾನ ಬಂದಿರೋದು. ಟಿಕೆಟ್ ಟೈಮು ಸೊನ್ನೆಯಿಂದ ಶುರುವಾಗ್ತಿದ್ರೆ (00, 01, 02, 03) ಅದರ ಹಿಂದಿನ ತಾರೀಖಿನ ರಾತ್ರಿಗೆ ಮೊಬೈಲಲ್ಲಿ ಅಲಾರಂ ಇಟ್ಬಿಡಿ, ಬೇರೆ ಯಾವ ಉಪಾಯಾನೂ ಬೇಡ.

ಹೆಚ್ಚು ಜನಕ್ಕೆ ಗೊತ್ತಿಲ್ದೇ ಇರೋದು ಅಂದ್ರೆ ತತ್ಕಾಲ್. ತತ್ಕಾಲ್ ಓಪನ್ ಆಗೋದು ಪ್ರಯಾಣದ ಹಿಂದಿನ ದಿನ, ಎಸಿಗೆ ಬೆಳಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ, ಇಷ್ಟು ಎಲ್ರಿಗೂ ಗೊತ್ತು. ಆದ್ರೆ ಆ "ಪ್ರಯಾಣದ ದಿನ" ಲೆಕ್ಕ ಹಾಕೋದು ಗಾಡಿ ತನ್ನ ಮೊದಲ ಸ್ಟೇಷನ್ ಬಿಡೋ ತಾರೀಖಿಂದ, ನೀವು ಹತ್ತೋ ತಾರೀಖಿಂದ ಅಲ್ಲ. ನಮ್ಮ ರಾಯಚೂರು ಕೇಸಲ್ಲಿ ಟಿಕೆಟ್ ತಾರೀಖು 15, ಗಾಡಿ ಬೆಂಗಳೂರು ಬಿಡೋದು 14, ಹಾಗಾಗಿ ತತ್ಕಾಲ್ ಓಪನ್ ಆಗೋದು 13ರ ಬೆಳಗ್ಗೆ. 15ಕ್ಕೆ ಹೋಗ್ಬೇಕು ಅಂತ 14ರ ಬೆಳಗ್ಗೆ 9:55ಕ್ಕೆ ಲಾಗಿನ್ ಆಗಿ ಕೂತ್ರೆ ಒಂದು ದಿನ ಲೇಟಾಗಿ ಕೂತ ಹಾಗೆ, ನಿನ್ನೆನೇ ಎಲ್ಲಾ ಖಾಲಿ ಆಗಿರುತ್ತೆ. ನೀವು ಹತ್ತೋ ಸ್ಟೇಷನ್ ಡೇ 3 ಅಂತ ಇದ್ರೆ ಇನ್ನೊಂದು ದಿನ ಹಿಂದೆ ಹೋಗಿ. ಇದರ ಉಪಯೋಗನೂ ಇದೆ, ಒಂದೇ ಊರಿಗೆ ಹೋಗೋ ಎರಡು ಗಾಡಿ ಇದ್ದು ಒಂದು ನಿಮ್ಮೂರಿಂದಾನೇ ಹೊರಡುತ್ತೆ, ಇನ್ನೊಂದು ದೂರದಿಂದ ಬರುತ್ತೆ ಅಂತಾದ್ರೆ ದೂರದ್ದಕ್ಕೆ ಒಂದು ದಿನ ಮುಂಚೆ ಟ್ರೈ ಮಾಡಿ, ಸಿಗದಿದ್ರೆ ಮಾರನೇ ಬೆಳಗ್ಗೆ ಇನ್ನೊಂದಕ್ಕೆ ಟ್ರೈ ಮಾಡ್ಬಹುದು.

ವಾರದಲ್ಲಿ ಒಂದೋ ಎರಡೋ ದಿನ ಓಡೋ ಗಾಡಿಗೂ ಇದೇ ಕಥೆ. ಟೈಮ್‌ಟೇಬಲ್ ಪುಸ್ತಕದಲ್ಲಿ "ಗುರುವಾರ" ಅಂತ ಇದ್ರೆ ಅದು ಸಾಮಾನ್ಯವಾಗಿ ಹೊರಡೋ ಸ್ಟೇಷನ್ನಿನ ಗುರುವಾರ. ನಿಮ್ಮ ಸ್ಟೇಷನ್ ಮುಂದೆ ಡೇ 3 ಇದ್ರೆ ನಿಮಗೆ ಗಾಡಿ ಸಿಗೋದು ಶನಿವಾರ. ಉಲ್ಟಾನೂ ನೋಡ್ಬೇಕು, ನಿಮಗೆ ಭಾನುವಾರಾನೇ ಹೊರಡ್ಬೇಕು, ಸ್ಟೇಷನ್ ಡೇ 3ರದ್ದು ಅಂದ್ರೆ ಶುಕ್ರವಾರ ಅಲ್ಲಿಂದ ಗಾಡಿ ಹೊರಡುತ್ತಾ ಅಂತ ನೋಡಿ. ದಿಬ್ರುಗಢದಿಂದ ಕನ್ಯಾಕುಮಾರಿಗೆ ಬರೋ ವಿವೇಕ್ ಎಕ್ಸ್‌ಪ್ರೆಸ್ ಥರದ್ದು ಸುಮಾರು 4,200 ಕಿಲೋಮೀಟರ್, ಮೂರು ದಿನಕ್ಕೂ ಮೀರಿದ ಓಟ. ಅಂಥದ್ರಲ್ಲಿ ದಾರಿ ಮಧ್ಯದ ಸ್ಟೇಷನ್ನಲ್ಲಿ ನಿಂತು ವಾರ ಹೇಳ್ಬೇಕಾದ್ರೆ ಡೇ ಕಾಲಮ್ ಬಿಟ್ರೆ ಬೇರೆ ಗತಿ ಇಲ್ಲ.

ಲೈವ್ ಸ್ಟೇಟಸ್ ನೋಡೋವಾಗಲೂ ಇದು ಬೇಕಾಗುತ್ತೆ. ಕರ್ನಾಟಕ ಎಕ್ಸ್‌ಪ್ರೆಸ್ ದಿನಾ ಹೊರಡುತ್ತೆ, ಓಡೋದು 37 ಗಂಟೆ ಚಿಲ್ಲರೆ, ಅಂದ್ಮೇಲೆ ಸಂಜೆಯಿಂದ ಮಾರನೇ ಬೆಳಗ್ಗೆ ತನಕ ಒಂದೇ ನಂಬರಿನ ಎರಡು ಗಾಡಿ ಒಂದೇ ಹೊತ್ತಲ್ಲಿ ಹಳಿ ಮೇಲೆ ಇರುತ್ವೆ. ಮಂಗಳವಾರ ಬೆಳಗಿನ ಜಾವ ಎರಡಕ್ಕೆ ಸೋಮವಾರದ ಗಾಡಿ ರಾಯಚೂರ ಹತ್ರ ಇದ್ರೆ ಭಾನುವಾರ ಹೊರಟಿದ್ದು ಭೋಪಾಲ್ ದಾಟಿ ಝಾನ್ಸಿ ಕಡೆ ಓಡ್ತಿರುತ್ತೆ. ಅದಕ್ಕೇ ಆ್ಯಪು ಗಾಡಿ ಹೊರಟ ತಾರೀಖು ಯಾವ್ದು ಅಂತ ಕೇಳೋದು. ರಾಯಚೂರಲ್ಲಿ ಕಾಯ್ತಿರೋರು ಇವತ್ತಿನ ತಾರೀಖು ಒತ್ತಿದ್ರೆ "ಇನ್ನೂ ಹೊರಟಿಲ್ಲ" ಅಂತ ಬರುತ್ತೆ, ನಿಜಾನೇ, ಇವತ್ತಿಂದು ಸಂಜೆ ಹೊರಡ್ಬೇಕು. ಗಾಬರಿ ಬೇಡ, ನಿನ್ನೆ ತಾರೀಖು ಒತ್ತಿ. ಗಾಡಿ ಎಲ್ಲೋ ಮಧ್ಯಪ್ರದೇಶದಲ್ಲಿ ತೋರಿಸ್ತಿದ್ರೆ ಒಂದು ದಿನ ಹಿಂದಕ್ಕೆ ಹೋಗಿದೀರಿ ಅಂತ ಅರ್ಥ.

ಇಳಿಯೋರದ್ದು ಬೇರೆ ತಲೆನೋವು. ಬೆಂಗಳೂರಲ್ಲಿ 14ಕ್ಕೆ ಹತ್ತಿ ರಾಯಚೂರಲ್ಲಿ ಇಳಿಯೋರ ಟಿಕೆಟ್ ತಾರೀಖು 14, ಇಳಿಯೋದು 15ಕ್ಕೆ. ಕರ್ಕೊಂಡು ಹೋಗೋಕೆ ಬರೋ ಭಾವನಿಗೆ ಬರೀ "15ಕ್ಕೆ ಎರಡು ಗಂಟೆಗೆ ಬರ್ತೀನಿ ಭಾವ" ಅಂದ್ರೆ ಅವ್ರು ಮಧ್ಯಾಹ್ನ ಅಂದ್ಕೊಂಡ್ರೂ ತಪ್ಪಿಲ್ಲ, "14ರ ರಾತ್ರಿ ಕಳೆದು 15 ಬೆಳಗಾಗೋ ಮುಂಚೆ" ಅಂತ ಬಿಡಿಸಿ ಹೇಳಿ. ಲಾಡ್ಜ್ ಬುಕ್ ಮಾಡೋದಾದ್ರೆ ಲೆಕ್ಕ ಉಲ್ಟಾ! ಮಧ್ಯಾಹ್ನ ಚೆಕ್‌ಇನ್ ಇರೋ ಕಡೆ ಬೆಳಗಿನ ಜಾವ ಎರಡಕ್ಕೆ ರೂಮ್ ಬೇಕು ಅಂದ್ರೆ 14ನೇ ತಾರೀಖಿನ ರಾತ್ರಿಗೇ ಬುಕ್ ಮಾಡಿರ್ಬೇಕು, ಬರೋದು ಲೇಟು ಅಂತ ಫೋನ್ ಮಾಡಿ ಹೇಳಿರ್ಬೇಕು. 15 ಅಂತ ಹಾಕಿದ್ರೆ ಮಧ್ಯಾಹ್ನದ ತನಕ ರಿಸೆಪ್ಷನ್ ಸೋಫಾನೇ ಗತಿ.

ಇನ್ನು ಒಂದು ಸೂಕ್ಷ್ಮ, ಗಾಡಿ 23:58ಕ್ಕೆ ಬಂದು 00:03ಕ್ಕೆ ಹೊರಡೋ ಸ್ಟೇಷನ್‌ಗಳಿರುತ್ವೆ. ಇಳಿಯೋರಿಗೆ ಅದು ಹಿಂದಿನ ದಿನ, ಹತ್ತೋರಿಗೆ ಮುಂದಿನ ದಿನ. ಡೇ ಕಾಲಮ್ ಒಂದೇ ಇರೋದ್ರಿಂದ ಒಂದೇ ಅಂಕಿ ಕಾಣುತ್ತೆ, ಬುಕ್ ಮಾಡೋರು ಹೊರಡೋ ಟೈಮನ್ನೇ ಹಿಡ್ಕೊಳ್ಳಿ.

ಗಾಡಿ ಲೇಟಾದ್ರೆ ಮಾತ್ರ ಈ ಯಾವ ತಾರೀಖೂ ಬದಲಾಗಲ್ಲ. 14ರ ರಾತ್ರಿ 23:40ಕ್ಕೆ ಬರ್ಬೇಕಿದ್ದ ಗಾಡಿ ಒಂದೂವರೆ ಗಂಟೆ ಲೇಟಾಗಿ 15ರ 01:10ಕ್ಕೆ ಬಂದ್ರೂ 14ರ ಟಿಕೆಟ್ಟೇ ನಡೆಯುತ್ತೆ, ಟಿಕೆಟ್ ನೋಡೋದು ಟೈಮ್‌ಟೇಬಲ್ ಪ್ರಕಾರ. ಅದೇ ದಿನಾ ಓಡೋ ಗಾಡಿ ಇಪ್ಪತ್ತು ಇಪ್ಪತ್ನಾಲ್ಕು ಗಂಟೆ ಲೇಟಾದ ದಿನ ಇವತ್ತಿಂದೂ ನಿನ್ನೆದೂ ಹಿಂದೆ ಹಿಂದೆ ಬರೋ ಚಾನ್ಸ್ ಇರುತ್ತೆ, ಅನೌನ್ಸ್‌ಮೆಂಟಲ್ಲಿ ನಂಬರ್ ಕೇಳಿದ ತಕ್ಷಣ ಹತ್ಬೇಡಿ, ಯಾವ ತಾರೀಖು ಹೊರಟ ಗಾಡಿ ಅಂತ ಟಿಟಿಇ ಹತ್ರಾನೋ ವಿಚಾರಣೆ ಕೌಂಟರಲ್ಲೋ ಕೇಳಿ ಹತ್ತಿ.