ಫಿಕ್ಸೆಡ್ ರೇಟ್ ಅಂದ ಮೇಲೆ ಎಕ್ಸ್‌ಟ್ರಾ ಬಿಲ್ಲು ಯಾಕೆ? ಒಂದು ಪಾಯದ ಲೆಕ್ಕ

ಕಂಟ್ರಾಕ್ಟ್ ಪೇಪರ್ ಓದುವಾಗ ನನಗೆ ಜಾಸ್ತಿ ಗೊಂದಲ ಮಾಡಿದ್ದು ಎರಡು ಷರತ್ತುಗಳು, ಎಸ್ಕಲೇಷನ್ ಮತ್ತು ವೇರಿಯೇಷನ್. ಉಡುಪಿ ಕಡೆಯ ಒಂದು ಮನೆ ಸೈಟಿನಲ್ಲಿ ಟ್ರೈನಿ ಆಗಿದ್ದಾಗ ಎರಡೂ ಒಟ್ಟಿಗೆ ಎದುರಾದವು. ಅದನ್ನೇ ಇಟ್ಟುಕೊಂಡು ಬರೆಯುತ್ತೇನೆ. ದರಗಳನ್ನು ಮಾತ್ರ ಲೆಕ್ಕ ಸುಲಭವಾಗಲಿ ಅಂತ ಬದಲಾಯಿಸಿದ್ದೇನೆ.

ಫಿಕ್ಸೆಡ್ ರೇಟ್ ಅಂದರೆ ಡ್ರಾಯಿಂಗ್ ಮತ್ತು ಸ್ಪೆಸಿಫಿಕೇಷನ್‌ನಲ್ಲಿ ಇರುವ ಕೆಲಸಕ್ಕೆ ಇಷ್ಟು ದುಡ್ಡು ಅಂತ. ಅದೇ ಕೆಲಸ, ಆದರೆ ಕಬ್ಬಿಣದ ರೇಟ್ ಏರಿತು ಅಂದರೆ ಅದು ಎಸ್ಕಲೇಷನ್. ಕೆಲಸವೇ ಬದಲಾಯಿತು ಅಂದರೆ ವೇರಿಯೇಷನ್. ಎಸ್ಕಲೇಷನ್ ಷರತ್ತು ಇಲ್ಲದಿದ್ದರೆ ರೇಟ್ ಏರಿದ ಭಾರ ಪೂರ್ತಿ ಕಂಟ್ರಾಕ್ಟರ್ ಮೇಲೆ. ಡ್ರಾಯಿಂಗ್ ಹಾಗೇ ಇದ್ದು ಅವರೇ ಕ್ವಾಂಟಿಟಿ ಕಡಿಮೆ ಹಿಡಿದಿದ್ದರೂ ಅಷ್ಟೇ, ಅದನ್ನು ಎಕ್ಸ್‌ಟ್ರಾ ಅಂತ ಕೇಳಲು ಬರುವುದಿಲ್ಲ.

ಈಗ ನಮ್ಮ ಸೈಟ್. ಮೇಲೆ ಗಟ್ಟಿ ಮುರಕಲ್ಲು, ಒಂದು ಮೂಲೆಯಲ್ಲಿ ಕೆಳಗೆ ಹೋದಂತೆ ಶೇಡಿ ಮಣ್ಣು. ಕರಾವಳಿಯಲ್ಲಿ ಇದು ಹೊಸತಲ್ಲ. ಒಣಗಿದ್ದಾಗ ಗಟ್ಟಿಯಾಗಿ ಕಾಣುತ್ತದೆ, ನೀರು ತಾಗಿದರೆ ಮೆತ್ತಗಾಗುತ್ತದೆ. ಇಂಜಿನಿಯರ್ ಬಂದು ನೋಡಿ 40 ಮೀಟರ್ ಉದ್ದಕ್ಕೆ ಪಾಯವನ್ನು ಇನ್ನೂ ಅರ್ಧ ಮೀಟರ್ ಇಳಿಸಿ ಅಂದರು. ಮನೆಯವರು ಕೇಳಿದ್ದು ಒಂದೇ ಮಾತು: "ಫಿಕ್ಸೆಡ್ ಅಂತ ಬರೆದದ್ದಲ್ವಾ ಮಾರಾಯ್ರೇ, ಇದೆಂತ ಹೊಸ ಬಿಲ್ಲು?"

ಪ್ರಶ್ನೆ ಸರಿಯೇ. ಉತ್ತರ ಪೇಪರಿನಲ್ಲಿತ್ತು. ಡ್ರಾಯಿಂಗ್‌ನಲ್ಲಿ ತೋರಿಸಿದ ಆಳಕ್ಕಿಂತ ಹೆಚ್ಚು ಇಳಿಸಲು ಇಂಜಿನಿಯರ್ ಲಿಖಿತವಾಗಿ ಹೇಳಿದರೆ ಅದು ವೇರಿಯೇಷನ್ ಅಂತ ಬರೆದಿತ್ತು. ಕೆಲವು ಕಂಟ್ರಾಕ್ಟ್‌ಗಳಲ್ಲಿ ಮಣ್ಣು ಹೇಗಿದ್ದರೂ ಅದು ಕಂಟ್ರಾಕ್ಟರ್ ಜವಾಬ್ದಾರಿ ಅಂತ ಇರುತ್ತದೆ, ಆಗ ಇದೇ ಕೆಲಸಕ್ಕೆ ಒಂದು ರೂಪಾಯಿಯೂ ಸಿಗದೆ ಹೋಗಬಹುದು. ಹಾಗಾಗಿ ಸಹಿಗೆ ಮೊದಲು ಈ ಒಂದು ಸಾಲನ್ನು ಹುಡುಕಿ ಓದಿ.

ಇನ್ನು ದರ. ಮೊದಲು ನೋಡಬೇಕಾದ್ದು ಕಂಟ್ರಾಕ್ಟ್‌ನಲ್ಲಿ ಅದೇ ಐಟಂಗೆ ರೇಟ್ ಇದೆಯಾ ಅಂತ. ಇಲ್ಲದಿದ್ದರೆ ಅದನ್ನೇ ಹೋಲುವ ಐಟಂನ ರೇಟಿನಿಂದ ಲೆಕ್ಕ ಹಾಕಬೇಕು. ಅದೂ ಇಲ್ಲದಿದ್ದರೆ ಮಾರ್ಕೆಟ್ ರೇಟ್: ಸಾಮಾನು, ಕೂಲಿ, ಸಾಗಾಟ ಸೇರಿಸಿ, ಅದರ ಮೇಲೆ ಓವರ್‌ಹೆಡ್ ಮತ್ತು ಲಾಭ. ಕೇಂದ್ರ ಲೋಕೋಪಯೋಗಿ ಇಲಾಖೆ, ಅಂದರೆ ಸಿಪಿಡಬ್ಲ್ಯೂಡಿಯ ರೇಟ್ ಅನಾಲಿಸಿಸ್‌ನಲ್ಲಿ ಓವರ್‌ಹೆಡ್ ಮತ್ತು ಲಾಭ ಎರಡೂ ಸೇರಿ 15% ಹಿಡಿಯುತ್ತಾರೆ. ಇಡೀ ಕೆಲಸಕ್ಕೆ ಒಂದೇ ಮೊತ್ತ ಹಿಡಿಯುವ ಲಂಪ್‌ಸಮ್ ಕಂಟ್ರಾಕ್ಟ್‌ನಲ್ಲಿ ಐಟಂ ರೇಟೇ ಇರುವುದಿಲ್ಲ, ಹಾಗಾಗಿ ಎಕ್ಸ್‌ಟ್ರಾ ಕೆಲಸಕ್ಕೆ ಅಂತ ಬೇರೆ ರೇಟ್ ಪಟ್ಟಿಯನ್ನು ಮೊದಲೇ ಲಗತ್ತಿಸಿಕೊಳ್ಳಬೇಕು. ನಮ್ಮಲ್ಲಿ ಪಟ್ಟಿ ಇತ್ತು.

ಅಗೆತ: 40 × 0.9 × 0.5 = 18 ಘನ ಮೀಟರ್, 400 ರೂಪಾಯಿಯಂತೆ 7,200. ಕೆಂಪುಕಲ್ಲಿನ ಕಟ್ಟಣೆ: 40 × 0.6 × 0.5 = 12 ಘನ ಮೀಟರ್, 5,500ರಂತೆ 66,000. ಒಟ್ಟು 73,200.

ಇಲ್ಲಿ ಕೈಕೊಡುವುದು ಲೆಕ್ಕವಲ್ಲ, ಸಾಕ್ಷಿ. ಪಾಯ ಮುಚ್ಚಿದ ಮೇಲೆ ಆಳ ಎಷ್ಟಿತ್ತು ಅಂತ ಯಾರೂ ನೋಡಲು ಆಗುವುದಿಲ್ಲ, ಅಲ್ವಾ? ಕಲ್ಲು ಇಡುವ ಮೊದಲೇ ಹೊಂಡಕ್ಕೆ ಇಳಿದು, ಟೇಪಿನ ಒಂದು ತುದಿ ನಾನು, ಇನ್ನೊಂದು ತುದಿ ಮೇಸ್ತ್ರಿ ಹಿಡಿದು, ಮೂರು ಕಡೆ ಅಳತೆ ತೆಗೆದೆವು. ಸೈಟ್ ಆರ್ಡರ್ ಬುಕ್ಕಿನಲ್ಲಿ ಅದನ್ನು ಬರೆದು ಇಂಜಿನಿಯರ್ ಮತ್ತು ಮನೆಯವರ ಸಹಿ ತೆಗೆದುಕೊಂಡೆವು. ಬಾಯಿಮಾತಿನ ಆರ್ಡರ್ ಮೇಲೆ ಮಾಡಿದ ಕೆಲಸಕ್ಕೂ 1872ರ ಭಾರತೀಯ ಒಪ್ಪಂದ ಕಾಯ್ದೆಯ 70ನೇ ಸೆಕ್ಷನ್‌ನಡಿ ಪರಿಹಾರ ಕೇಳಬಹುದು, ಆದರೆ ಪುಕ್ಕಟೆ ಅಂತ ಮಾಡಿದ್ದಲ್ಲ, ಎದುರಿನವರು ಅದರ ಲಾಭ ಪಡೆದಿದ್ದಾರೆ ಅಂತ ತೋರಿಸಬೇಕು. ಆ ವಿಷಯಕ್ಕೆ ಕಂಟ್ರಾಕ್ಟ್‌ನಲ್ಲೇ ಸ್ಪಷ್ಟ ಷರತ್ತು ಇದ್ದರೆ ಈ ಸೆಕ್ಷನ್ ನೆರವಿಗೆ ಬರುವುದಿಲ್ಲ.

ಈಗ ಎಸ್ಕಲೇಷನ್. ನಮ್ಮ ಕಂಟ್ರಾಕ್ಟ್ ಪ್ರಕಾರ ಕಬ್ಬಿಣದ ಬೇಸ್ ರೇಟ್ ಕೆ.ಜಿ.ಗೆ 60, ಏರಿಕೆಯಲ್ಲಿ ಮೊದಲ 5% ಕಂಟ್ರಾಕ್ಟರ್‌ದು, ಅದರ ಮೇಲಿನದು ಮನೆಯವರದು. ಅಂದರೆ 63ರವರೆಗೆ ಕೇಳುವಂತಿಲ್ಲ. ರೇಟ್ 69 ಆಯಿತು, ಏರಿದ ಮೇಲೆ ತಂದದ್ದು 1,800 ಕೆ.ಜಿ., ಹಾಗಾಗಿ 6 × 1,800 = 10,800. "5% ದಾಟಿದರೆ ಪೂರ್ತಿ ಏರಿಕೆ" ಅಂತ ಬರೆದಿದ್ದರೆ ಅದೇ ಲೆಕ್ಕ 9 × 1,800 = 16,200 ಆಗುತ್ತಿತ್ತು. ಒಂದೇ ಶಬ್ದದಲ್ಲಿ 5,400 ವ್ಯತ್ಯಾಸ.

ಈ ಎರಡು ಷರತ್ತುಗಳಿಗೆ ಗಂಟು ಬೀಳುವುದು ಸಮಯದಲ್ಲಿ. ಇಂಜಿನಿಯರ್ ತೀರ್ಮಾನ, ಅಗೆತ, ಕಟ್ಟಣೆ ಸೇರಿ ಪಾಯಕ್ಕೆ ಮೂರು ವಾರ ಹೆಚ್ಚು ಹಿಡಿಯಿತು. ಮೇ ಮಧ್ಯದಲ್ಲಿ ಹಾಕಬೇಕಾದ ಸ್ಲ್ಯಾಬ್ ಜೂನ್‌ಗೆ ಹೋಯಿತು, ಮಳೆ ಶುರುವಾಯಿತು, ಕಡೆಗೆ ಕಾಂಕ್ರೀಟ್ ಹಾಕಿದ್ದು ಅಕ್ಟೋಬರ್‌ನಲ್ಲಿ. ಕಬ್ಬಿಣ ತಂದದ್ದೂ ಆಗಲೇ, ಮೇ ಕೊನೆಯ ಗಡುವು ದಾಟಿದ ಮೇಲೆ. ಗಡುವಿನ ನಂತರದ ಏರಿಕೆ ಸಿಗಬೇಕಾದರೆ ತಡಕ್ಕೆ ಕಂಟ್ರಾಕ್ಟರ್ ಕಾರಣರಲ್ಲ ಅಂತ ಒಪ್ಪಿ ಸಮಯ ವಿಸ್ತರಣೆ ಕೊಟ್ಟಿರಬೇಕು. ನಾವು ಸೈಟ್ ಆರ್ಡರ್ ಬುಕ್ಕಿನ ಆ ಪುಟದಲ್ಲಿ ಅಳತೆ ಬರೆದೆವು, ದರ ಬರೆದೆವು, ಎಷ್ಟು ದಿನ ಹೆಚ್ಚು ಬೇಕು ಅಂತ ಬರೆಯಲಿಲ್ಲ. 73,200 ಮುಂದಿನ ಬಿಲ್ಲಿನಲ್ಲೇ ಬಂತು. 10,800 ನಾನು ಸೈಟ್ ಬಿಡುವವರೆಗೂ ಬಂದಿರಲಿಲ್ಲ.