ಸ್ಯಾಂಕ್ಷನ್ ಆದರೆ ಸಂತೋಷವೋ, ಸಂಕಟವೋ?

ದಾವಣಗೆರೆಯಲ್ಲಿ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಒಮ್ಮೆ ನನ್ನನ್ನು ತಡೆದು ಕೇಳಿದರು: "ಸಾರ್, ನಮ್ ಲೋನ್ ಸ್ಯಾಂಕ್ಷನ್ ಆತು ಅಂದ್ರೆ ಸ್ವೀಟ್ ಹಂಚ್ತೀವಿ. ರಷ್ಯಾ ಮೇಲೆ ಸ್ಯಾಂಕ್ಷನ್ ಆತು ಅಂದ್ರೆ ಎಣ್ಣೆ ರೇಟ್ ಏರುತ್ತೆ ಅಂತಾರೆ. ಒಂದೇ ಮಾತು ಅಲ್ಲಿ ಕೊಡುತ್ತೆ, ಇಲ್ಲಿ ಕಿತ್ಕೊಳ್ಳುತ್ತೆ. ಅದೆಂಗೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರಕ್ಕೆ ರೋಮ್‌ವರೆಗೆ ಹೋಗಬೇಕು. ಲ್ಯಾಟಿನ್ನಿನ 'ಸಾಂಕಿರೆ' ಎಂದರೆ ಪವಿತ್ರವೆಂದು ಸಾರುವುದು, ಮೀರಬಾರದಂತೆ ಕಟ್ಟುವುದು. ರೋಮನ್ ಕಾನೂನಿನಲ್ಲಿ, ಮೀರಿದವರಿಗೆ ಏನಾಗುತ್ತದೆಂದು ಹೇಳುವ ಭಾಗಕ್ಕೆ 'ಸಾಂಕ್ಷಿಯೊ' ಎಂದೇ ಹೆಸರು. ಅಂದರೆ ಕಾನೂನಿಗೆ ಮುದ್ರೆ ಒತ್ತುವುದೂ ದಂಡದ ಎಚ್ಚರಿಕೆ ಕೊಡುವುದೂ ಮೊದಲಿಗೆ ಒಂದೇ ಕೆಲಸದ ಎರಡು ಮುಖ. ಇಂಗ್ಲಿಷಿಗೆ ಬಂದ ಮೇಲೆ ಮುಖಗಳು ಬೇರೆಯಾದವು. 18ನೇ ಶತಮಾನದ ಕೊನೆಗೆ ಅದು 'ಒಪ್ಪಿಗೆ ಕೊಡು' ಎಂಬ ಕ್ರಿಯಾಪದವಾಗಿತ್ತು. 1935ರಲ್ಲಿ ಅಬಿಸೀನಿಯಾದ, ಅಂದರೆ ಈಗಿನ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದ ಇಟಲಿಗೆ, ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘ ಆರ್ಥಿಕ ದಿಗ್ಬಂಧನ ಹಾಕಿದಾಗ ದಂಡದ ಮುಖ ಲೋಕಕ್ಕೆಲ್ಲ ಕಂಡಿತು. 'ಒಂದು ದೇಶವನ್ನು ಸ್ಯಾಂಕ್ಷನ್ ಮಾಡು', ಅಂದರೆ ದಂಡಿಸು ಎಂಬ ಕ್ರಿಯಾಪದದ ಬಳಕೆ ಅದಕ್ಕೂ ಈಚಿನದು. ಪೋಖ್ರಾನ್ ಪರೀಕ್ಷೆಯ ನಂತರ, 1998ರಲ್ಲಿ, ಭಾರತವೇ ಅದರ ರುಚಿ ನೋಡಿತು.

ನಮ್ಮ ಕಚೇರಿಗಳಿಗೆ ಬ್ರಿಟಿಷರ ಕಾಲದಿಂದ ಬಂದದ್ದು ಒಪ್ಪಿಗೆಯ ಮುಖ ಮಾತ್ರ. ಮನೆ ಸ್ಯಾಂಕ್ಷನ್, ರಜೆ ಸ್ಯಾಂಕ್ಷನ್, ಬೋರ್‌ವೆಲ್ ಸ್ಯಾಂಕ್ಷನ್. ಹಾಗಾಗಿ ಪದ ಕಿವಿಗೆ ಬಿದ್ದೊಡನೆ ಏನೋ ಸಿಕ್ಕಿತು ಎಂದೇ ನಮ್ಮ ಮನಸ್ಸು ಓಡುತ್ತದೆ.

ಇಲ್ಲೇ ಎಡವುವುದು. ಕೋರ್ಟಿನ ಕಾಗದಪತ್ರಗಳನ್ನು ವರ್ಷಗಟ್ಟಲೆ ಕನ್ನಡಕ್ಕೆ ತಂದವನಾಗಿ ನಾನು ಹೆಚ್ಚು ಕಂಡಿರುವ ತೊಡಕು ಇದು. ಸರ್ಕಾರಿ ನೌಕರನೊಬ್ಬನ ಮೇಲೆ ಲಂಚದ ಆರೋಪವಿದೆ ಎಂದುಕೊಳ್ಳಿ. ಭ್ರಷ್ಟಾಚಾರ ತಡೆ ಕಾಯ್ದೆ, 1988ರ 19ನೇ ಕಲಮಿನ ಪ್ರಕಾರ, ಅವನನ್ನು ಹುದ್ದೆಯಿಂದ ತೆಗೆಯುವ ಅಧಿಕಾರವುಳ್ಳವರು ಮೊದಲು ಸ್ಯಾಂಕ್ಷನ್ ಕೊಡಬೇಕು; ಆಮೇಲೆಯೇ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳುತ್ತದೆ. ಇದು ಒಪ್ಪಿಗೆಯೇ. ಆದರೆ ಒಪ್ಪಿಗೆ ಸಿಗುವುದು ತನಿಖೆ ಮಾಡಿದವರಿಗೆ, ಕಷ್ಟ ಶುರುವಾಗುವುದು ನೌಕರನಿಗೆ. 'ಅಧಿಕಾರಿಗೆ ಸ್ಯಾಂಕ್ಷನ್ ಸಿಕ್ಕಿತು' ಎಂದು ಬರೆದರೆ ಅವನಿಗೆ ಬಡ್ತಿಯೋ ರಜೆಯೋ ಸಿಕ್ಕಂತೆ ಕೇಳಿಸುತ್ತದೆ. 'ಅಧಿಕಾರಿಯ ಮೇಲೆ ಸ್ಯಾಂಕ್ಷನ್' ಎಂದರೆ ಆಗಲೇ ಶಿಕ್ಷೆಯಾದಂತೆ. ಎರಡೂ ತಪ್ಪು. 'ಸ್ಯಾಂಕ್ಷನ್ ನಿರಾಕರಣೆ' ಎಂಬ ತಲೆಬರಹ ಓದಿ ಅವನ ಮನೆಯವರು ಗಾಬರಿಯಾಗಬಹುದು, ಆದರೆ ನಿಜದಲ್ಲಿ ಅವನು ಸದ್ಯಕ್ಕೆ ಪಾರಾಗಿದ್ದಾನೆ. 'ವಿಚಾರಣೆ ನಡೆಸಲು ಪೂರ್ವಾನುಮತಿ' ಎಂದು ಬಿಡಿಸಿ ಬರೆದರೆ ಯಾರೂ ದಾರಿ ತಪ್ಪುವುದಿಲ್ಲ. ಎರಡು ಪದ ಹೆಚ್ಚಾಗುತ್ತದೆಂದು ಇದನ್ನು ಕೈಬಿಡುವುದು ನನಗೆ ಇವತ್ತಿಗೂ ಬೇಸರದ ಸಂಗತಿ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಸ್ಯಾಂಕ್ಷನ್ ಮಾಡಿದ್ದು ಏನನ್ನು ಎಂದು ನೋಡಬೇಕು. ಸಾಲ, ಯೋಜನೆ, ಹುದ್ದೆಯಂಥ ವಸ್ತು ಅಥವಾ ಕೆಲಸವಿದ್ದರೆ ಒಪ್ಪಿಗೆ. ದೇಶ, ಕಂಪನಿ, ವ್ಯಕ್ತಿಯಿದ್ದರೆ ದಂಡ. ಇಂಗ್ಲಿಷಿನಲ್ಲಿ ಬಹುವಚನವಾಗಿ 'ಸ್ಯಾಂಕ್ಷನ್ಸ್' ಎಂದು ಬಂದರೆ ಬಹುಪಾಲು ದಂಡವೇ. ಈ ಸೂತ್ರ ಸೋಲುವ ಕಡೆಯೂ ಇದೆ. 'ಸ್ಯಾಂಕ್ಷನ್ ಆದ ಹಡಗು' ಎಂದಾಗ, ಕೊಳ್ಳಲು ಹಣ ಮಂಜೂರಾದ ಹಡಗೋ, ಬಂದರಿಗೆ ಬಾರದಂತೆ ತಡೆದ ಹಡಗೋ? ಆಗ ಇಡೀ ಸುದ್ದಿ ಓದದೆ ವಿಧಿಯಿಲ್ಲ.

'ಕ್ಲೀವ್' ಎಂಬ ಇಂಗ್ಲಿಷ್ ಪದದ ಕಥೆ ಬೇರೆ. ಸೀಳು ಎಂಬುದಕ್ಕೂ ಅಂಟಿಕೊ ಎಂಬುದಕ್ಕೂ ಅದೇ ಪದ. ಆದರೆ ಅದು ಒಡೆದು ಎರಡಾದದ್ದಲ್ಲ. ಹಳೆಯ ಇಂಗ್ಲಿಷಿನ 'ಕ್ಲೇಓಫನ್', 'ಕ್ಲಿಫಿಯನ್' ಎಂಬ ಎರಡು ಬೇರೆ ಪದಗಳು ಉಚ್ಚಾರ ಸವೆದು ಒಂದೇ ರೂಪಕ್ಕೆ ಬಂದವು. ಅಂಟುವ ಅರ್ಥದಲ್ಲಿ ಅದರ ಬೆನ್ನಿಗೆ 'ಟು' ಬರುತ್ತದೆ, ಸೀಳುವಾಗ ಬರುವುದಿಲ್ಲ.

ವ್ಯಾಪಾರಿಗೆ ಇಷ್ಟನ್ನೂ ಹೇಳಿ, ನಮ್ಮ 'ಬಿಡು' ನೋಡಿ ಎಂದೆ. ಹೊಸದುರ್ಗದ ಕಡೆ ದಾಳಿಂಬೆ ಗಿಡ ಕಾಯಿ ಬಿಟ್ಟಿತು ಅಂದರೆ ಫಸಲು ಬಂತು. ರೈತ ದಾಳಿಂಬೆ ಬಿಟ್ಟ ಅಂದರೆ ಬೆಳೆಯುವುದನ್ನೇ ನಿಲ್ಲಿಸಿದ. ಸ್ಯಾಂಕ್ಷನ್‌ನಲ್ಲಿ ಏನನ್ನು ಎಂದು ಕೇಳಬೇಕು, ಇಲ್ಲಿ ಬಿಟ್ಟದ್ದು ಯಾರು ಎಂದು.

ಅವರು ಸ್ವಲ್ಪ ಹೊತ್ತು ಯೋಚಿಸಿ ಅಂದರು: "ಹಂಗಾದ್ರೆ ಭದ್ರಾ ನಾಲೆಗೆ ನೀರು ಬಿಟ್ರು ಅಂದ್ರೆ ಬಂತು. ನಮ್ಮೂರಿನ ತೂಬು ಬಿಟ್ರು ಅಂದ್ರೆ, ತೆರೆದ್ರು ಅಂತಲೋ, ನಮ್ಮನ್ನ ಮರೆತ್ರು ಅಂತಲೋ?"