ನೀಲವ್ವ, ನೀಲಮ್ಮ ಮತ್ತು ಹತ್ತು ಸಾವಿರದ ವ್ಯಾಲೆಟ್

ನನ್ನ ಕೆಲಸ ತೆರಿಗೆ ಸಲಹೆ. ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರ ಒಂದು ಸಣ್ಣ ಆಫೀಸು. ರಿಟರ್ನ್ ತುಂಬಿಸಿಕೊಳ್ಳಲು ಬರುವವರಿಗಿಂತ ಈಗ ಮೊಬೈಲ್ ಹಿಡಿದುಕೊಂಡು ಬರುವವರೇ ಜಾಸ್ತಿ. ಎಲ್ಲರೂ ಸ್ಕ್ರೀನ್ ತೋರಿಸಿ ಹೇಳುವುದು ಒಂದೇ ಮಾತು: ವಿವರ ಹೊಂದಾಣಿಕೆ ಆಗುತ್ತಿಲ್ಲವಂತೆ, ವ್ಯಾಲೆಟ್‌ನಿಂದ ದುಡ್ಡು ಹೋಗುತ್ತಿಲ್ಲ. ಎಷ್ಟು ಸಲ ಪ್ರಯತ್ನ ಮಾಡಿದಿರಿ ಅಂತ ಕೇಳಿದರೆ ಎಂಟು, ಒಂಬತ್ತು, ಒಬ್ಬರಂತೂ ಹದಿನಾಲ್ಕು ಅಂದರು. ಹದಿನಾಲ್ಕು ಸಲವೂ ಅದೇ ಪ್ಯಾನ್ ಕಾರ್ಡಿನ ಅದೇ ಫೋಟೋ. ಬೆಳಕು ಚೆನ್ನಾಗಿರಲಿ ಅಂತ ಟೆರೇಸಿಗೆ ಹೋಗಿ ತೆಗೆದಿದ್ದರಂತೆ!

ಈ ಅಂಕಣ ಬರೆಯುತ್ತಿರುವುದು ಆ ಟೆರೇಸಿನ ಫೋಟೋದ ಸಿಟ್ಟಿಗೆ.

ಅದಕ್ಕೆ ಮೊದಲು, ರೊಟ್ಟಿ ಮಾಡುವ ಒಬ್ಬ ಅಕ್ಕನ ಕಥೆ. ನೀಲವ್ವ ಅಂತ ಕರೆಯೋಣ, ನಿಜವಾದ ಹೆಸರು ಬೇರೆ. ಮನೆಯಲ್ಲೇ ಮೂವರು ಹೆಂಗಸರನ್ನು ಇಟ್ಟುಕೊಂಡು ಕಟಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾರೆ. ಮಗ ಅವರ ಮೊಬೈಲಿನಲ್ಲಿ ವ್ಯಾಲೆಟ್ ಮಾಡಿಕೊಟ್ಟು, ಬ್ಯಾಂಕಿನಿಂದ ₹7,400 ಅದಕ್ಕೆ ಹಾಕಿದ್ದ. ಅಮರಗೋಳದ ಎಪಿಎಂಸಿಯಲ್ಲಿ ಜೋಳ ತೆಗೆದುಕೊಂಡರು. ವ್ಯಾಪಾರಿ ಬ್ಯಾಂಕ್ ಖಾತೆ ನಂಬರ್ ಕೊಟ್ಟ. ವ್ಯಾಲೆಟ್‌ನಿಂದ ಕಳಿಸಲು ಹೋದರೆ ಕೆವೈಸಿ, ಅಂದರೆ ಗುರುತಿನ ಪರಿಶೀಲನೆ, ಪೂರ್ತಿ ಮಾಡಿ ಅಂತ ಬಂತು. ಮಾಡಲು ಹೋದರೆ ವಿವರ ಹೊಂದುತ್ತಿಲ್ಲ ಅಂತ ಬಂತು.

"ನನ್ನ ರೊಕ್ಕ ನಾನು ಕಳಸಾಕ ಅವರ ಪರ್ಮಿಶನ್ ಯಾಕ ಬೇಕ್ರಿ ಸರ?" ಅಂತ ನೇರವಾಗಿ ಕೇಳಿದರು.

ನ್ಯಾಯವಾದ ಪ್ರಶ್ನೆಯೇ. ಬರೀ ಮೊಬೈಲ್ ನಂಬರ್, ಒಟಿಪಿ, ನಾವೇ ಹೇಳಿಕೊಂಡ ಹೆಸರು ಮತ್ತು ಒಂದು ಗುರುತಿನ ಚೀಟಿಯ ನಂಬರ್ ಕೊಟ್ಟು ತೆರೆದ ವ್ಯಾಲೆಟ್‌ಗೆ ರಿಸರ್ವ್ ಬ್ಯಾಂಕ್ ಮಿತಿ ಇಟ್ಟಿದೆ. ಯಾವ ಹೊತ್ತಿನಲ್ಲೂ ಅದರಲ್ಲಿ ₹10,000ಕ್ಕಿಂತ ಹೆಚ್ಚು ಇರಬಾರದು. ತಿಂಗಳಿಗೆ ಹಾಕುವುದೂ ಅಷ್ಟೇ. ಆ ದುಡ್ಡಿನಲ್ಲಿ ಸಾಮಾನು ಕೊಳ್ಳಬಹುದು, ಬಿಲ್ ಕಟ್ಟಬಹುದು. ಇನ್ನೊಬ್ಬರ ಖಾತೆಗೆ ಕಳಿಸುವಂತಿಲ್ಲ, ನಗದು ತೆಗೆಯುವಂತಿಲ್ಲ. ಗುರುತು ಪೂರ್ತಿ ಪರಿಶೀಲನೆ ಆದಮೇಲೆ ₹2,00,000ದವರೆಗೆ ಇಟ್ಟುಕೊಳ್ಳಬಹುದು, ಕಳಿಸಲೂಬಹುದು. ಅದೇ ಆ್ಯಪ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಬ್ಯಾಂಕ್ ಖಾತೆಯಿಂದ ಯುಪಿಐ ಹೋಗುತ್ತಲೇ ಇರುತ್ತದೆ. ಅದು ಬ್ಯಾಂಕಿನಲ್ಲಿರುವ ದುಡ್ಡು, ವ್ಯಾಲೆಟ್‌ನದ್ದಲ್ಲ. ಈ ಎರಡನ್ನು ಒಂದೇ ಅಂದುಕೊಂಡೇ ಅರ್ಧ ಜನ ಗಾಬರಿಯಾಗುತ್ತಾರೆ.

ಇನ್ನೊಂದು ಮಾತು ಅವರಿಗೆ ಮೊದಲೇ ಹೇಳಿದೆ. ಬರೀ ಆ ₹7,400 ವಾಪಸ್ ಬೇಕಿದ್ದರೆ ಕೆವೈಸಿ ತಲೆನೋವೇ ಬೇಡ. ಇಂಥ ಸಣ್ಣ ವ್ಯಾಲೆಟ್ ಅನ್ನು ಯಾವಾಗ ಬೇಕಾದರೂ ಮುಚ್ಚಿಸಬಹುದು. ದುಡ್ಡು ಯಾವ ಖಾತೆಯಿಂದ ಬಂದಿತ್ತೋ ಅಲ್ಲಿಗೇ ಹೋಗುತ್ತದೆ. ನೀಲವ್ವ ಒಪ್ಪಲಿಲ್ಲ. "ಇವತ್ತು ಇದು ತಪ್ಪಿತು ಅಂದ್ರ ನಾಳೆ ಬ್ಯಾಂಕಿನ್ಯಾಗ ಇದ ಹಾಡು" ಅಂದರು. ಅದೂ ಸರಿಯೇ ಇತ್ತು.

ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಆ್ಯಪ್ ನಿಮ್ಮ ಕಾರ್ಡನ್ನು ಓದಿ ನಂಬುವುದಿಲ್ಲ. ನೀವು ಕೊಟ್ಟ ಪ್ಯಾನ್ ನಂಬರ್, ಹೆಸರು, ಹುಟ್ಟಿದ ದಿನ ಹೋಗಿ ಆದಾಯ ತೆರಿಗೆ ಇಲಾಖೆಯ ದಾಖಲೆಯ ಮುಂದೆ ನಿಲ್ಲುತ್ತವೆ. ಆ ಕಡೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಹೌದು ಅಥವಾ ಇಲ್ಲ, ಅಷ್ಟೇ. ನಮ್ಮಲ್ಲಿ ಇಂಥ ಹೆಸರಿದೆ, ನೀವು ತಪ್ಪು ಬರೆದಿದ್ದೀರಿ ಅಂತ ಯಾರೂ ತಿದ್ದಿ ಹೇಳುವುದಿಲ್ಲ. ಹೇಳಿದರೆ ಯಾರದೋ ಪ್ಯಾನ್ ನಂಬರ್ ಹಾಕಿ ಯಾರು ಬೇಕಾದರೂ ಹೆಸರು ತಿಳಿದುಕೊಳ್ಳಬಹುದಲ್ವಾ? ಹಾಗಾಗಿ ಆ್ಯಪ್‌ನವರಿಗೂ ತಪ್ಪು ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಕಸ್ಟಮರ್ ಕೇರ್ ಹುಡುಗಿಯನ್ನು ಬೈದು ಪ್ರಯೋಜನವಿಲ್ಲ. ಟೆರೇಸಿಗೆ ಹೋದರೂ ಪ್ರಯೋಜನವಿಲ್ಲ.

ಕಾರ್ಡೂ ದಾಖಲೆಯೂ ಒಂದೇ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ಪ್ಯಾನ್ ಅರ್ಜಿಯಲ್ಲಿ ಪೂರ್ಣ ಹೆಸರಿಗೆ ಒಂದು ಜಾಗ, ಕಾರ್ಡಿನ ಮೇಲೆ ಅಚ್ಚಾಗಬೇಕಾದ ಹೆಸರಿಗೆ ಇನ್ನೊಂದು ಜಾಗ ಇರುತ್ತಿತ್ತು. ಕಾರ್ಡಿನಲ್ಲಿ ಗಂಡನ ಅಥವಾ ಅಪ್ಪನ ಹೆಸರಿನ ಒಂದೇ ಅಕ್ಷರ ಇರಬಹುದು, ದಾಖಲೆಯಲ್ಲಿ ಪೂರ್ತಿ ಇರಬಹುದು. ನೀಲವ್ವನ ಕಾರ್ಡಿನಲ್ಲಿ ಹಾಗೇ ಆಗಿತ್ತು. ಅದಕ್ಕೇ ಮೊದಲು ದಾಖಲೆ ನೋಡಿಕೊಳ್ಳಿ. ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ತಾಣದಲ್ಲಿ Verify PAN Status ಅಂತ ಇದೆ. ಲಾಗಿನ್ ಬೇಕಿಲ್ಲ. ಪ್ಯಾನ್, ಪೂರ್ಣ ಹೆಸರು, ಹುಟ್ಟಿದ ದಿನ ಹಾಕಿ ಒಟಿಪಿ ಕೊಟ್ಟರೆ ವಿವರ ಹೊಂದುತ್ತದೋ ಇಲ್ಲವೋ ಹೇಳುತ್ತದೆ. ಆಧಾರ್‌ಗೆ myAadhaar ತಾಣದಿಂದ ಹೊಸದಾಗಿ ಇ-ಆಧಾರ್ ಇಳಿಸಿಕೊಳ್ಳಿ. ಹತ್ತು ವರ್ಷದ ಹಿಂದೆ ಲ್ಯಾಮಿನೇಶನ್ ಮಾಡಿಸಿ ಇಟ್ಟದ್ದು ಬೇಡ.

ನಾವು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಆಧಾರ್‌ನಲ್ಲಿ NEELAVVA SHIVAPPA ANGADI, 01/01/1979. ಪ್ಯಾನ್ ದಾಖಲೆಗೆ ಹೆಸರು, ದಿನ ಬದಲಿಸಿ ಬದಲಿಸಿ ಹಾಕಿದಾಗ ಹೊಂದಿದ್ದು NEELAMMA SHIVAPPA ANGADI, 01/06/1979. ಒಂದೇ ಮನುಷ್ಯಳ ಎರಡು ದಾಖಲೆ, ಎರಡು ವ್ಯತ್ಯಾಸ. ಮಗ ಆಧಾರ್‌ನಲ್ಲಿದ್ದ ಹೆಸರು ಬರೆದು ಕೆಲವು ಸಲ, ಪ್ಯಾನ್ ಕಾರ್ಡ್ ನೋಡಿ NEELAMMA S ANGADI ಅಂತ ಬರೆದು ಕೆಲವು ಸಲ ಕಳಿಸಿದ್ದ. ಮನೆಯಲ್ಲಿ ಯಾರೂ ಆ ಎರಡು M ಅಕ್ಷರ ಗಮನಿಸಿರಲಿಲ್ಲ.

ಅವ್ವ ಹೋಗಿ ಅಮ್ಮ ಹೇಗೆ ಆಯಿತು? ಪ್ಯಾನ್ ಮಾಡಿಸಿಕೊಟ್ಟ ಏಜೆಂಟ್ "ಅವ್ವ ಅಂದ್ರ ಹಳ್ಳಿ ಹೆಸರು ಆಕ್ಕೇತಿ" ಅಂತ ತಾನೇ ಸುಧಾರಿಸಿದ್ದನಂತೆ. ಇಂಥ ಸುಧಾರಣೆ ನಮ್ಮ ಕಡೆ ಬಹಳ ನೋಡಿದ್ದೇನೆ. ಗಂಗವ್ವ ಗಂಗಮ್ಮ ಆಗುತ್ತಾರೆ, ಬಸವ್ವ ಬಸಮ್ಮ ಆಗುತ್ತಾರೆ. ಇನ್ನು ಜೂನ್ 1 ಬೇರೆ ಕಥೆ. ಶಾಲೆಗೆ ಹಾಕುವಾಗ ಹೆಡ್ ಮಾಸ್ತರು ವಯಸ್ಸು ಸರಿಹೋಗಲಿ ಅಂತ ಬರೆದ ದಿನ ಅದು. ಜನವರಿ 1 ಅಂದರೆ ಆಧಾರ್ ಮಾಡಿಸುವಾಗ ಬರೀ ಇಸವಿ ಹೇಳಿದವರ ದಿನ. ನನ್ನದೂ ಜೂನ್ 1. ಅವತ್ತು ನನ್ನ ಗಿರಾಕಿಗಳನ್ನೆಲ್ಲ ಸೇರಿಸಿ ಕೇಕ್ ಕತ್ತರಿಸಿದರೆ ಓಣಿ ಸಾಲದು.

ಮಗನ ಲೆಕ್ಕ ಸರಳವಾಗಿತ್ತು. ಆಧಾರ್‌ನಲ್ಲಿ ಹೆಸರು NEELAMMA ಅಂತ ಮಾಡಿಸಿದರಾಯಿತು, ಜೊತೆಗೆ ದಿನವನ್ನೂ. ನಾನು ಬೇಡ ಅಂದೆ. ಆಧಾರ್‌ನಲ್ಲಿ ಹೆಸರನ್ನು ಸಾಮಾನ್ಯವಾಗಿ ಎರಡು ಸಲ ಮಾತ್ರ ಬದಲಿಸಬಹುದು, ಹುಟ್ಟಿದ ದಿನವನ್ನು ಒಂದೇ ಸಲ. ಆ ಅವಕಾಶವನ್ನು ತಪ್ಪು ಹೆಸರಿಗೆ ಖರ್ಚು ಮಾಡಿದರೆ ಮುಂದೆ ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಹೊಲದ ಪಹಣಿ ಎಲ್ಲವೂ ಬೇರೆ ದಾರಿ ಹಿಡಿಯುತ್ತವೆ. ಯಾವ ದಾಖಲೆ ತಿದ್ದುವುದು ಸುಲಭ ಅಂತ ಕೇಳಬೇಡಿ. ಯಾವುದು ಸರಿ, ಅದಕ್ಕೆ ಪುರಾವೆ ಏನಿದೆ ಅಂತ ಕೇಳಿ.

"ಎಸೆಸೆಲ್ಸಿ ಅಂಕಪಟ್ಟಿ ಐತೇನ್ರಿ ಅಕ್ಕಾ?"

"ಐತ್ರಿ. ಪಾಸ್ ಆಗಿಲ್ರಿ."

"ಪಾಸ್ ಬ್ಯಾಡ. ಹೆಸರು, ತಾರೀಖು ಸಾಕು."

ಟ್ರಂಕಿನ ತಳದಲ್ಲಿ ಹಾಸಿದ್ದ ಪೇಪರಿನ ಕೆಳಗಿತ್ತಂತೆ. ಮಡಿಕೆಯಲ್ಲಿ ಹರಿದಿತ್ತು, ಆದರೆ ಅಕ್ಷರ ಸ್ಪಷ್ಟ. ನೀಲವ್ವ, 1-6-1979. ಅಂದರೆ ಆಧಾರ್‌ನಲ್ಲಿ ಹೆಸರು ಸರಿ, ದಿನ ತಪ್ಪು. ಪ್ಯಾನ್‌ನಲ್ಲಿ ದಿನ ಸರಿ, ಹೆಸರು ತಪ್ಪು. ಹಾಗಾಗಿ ತಲಾ ಒಂದು ತಿದ್ದುಪಡಿ.

ಮೊದಲು ಆಧಾರ್. ಕಾರಣ ಇದೆ. ಪ್ಯಾನ್ ತಿದ್ದುಪಡಿ ಅರ್ಜಿಯನ್ನು ಆಧಾರ್ ಜೊತೆ ಹೋಲಿಸಿ ನೋಡುತ್ತಾರೆ. ಆಧಾರ್‌ನಲ್ಲಿ ದಿನ ತಪ್ಪಿದ್ದರೆ ಅಲ್ಲೂ ಅರ್ಜಿ ನಿಲ್ಲುತ್ತದೆ. ನೀಲವ್ವ ಅಸಲಿ ಅಂಕಪಟ್ಟಿ ತೆಗೆದುಕೊಂಡು ಆಧಾರ್ ಕೇಂದ್ರಕ್ಕೆ ಹೋದರು. ಶುಲ್ಕ ₹75. ಅಲ್ಲಿ ಕೊಡುವ ಸ್ವೀಕೃತಿ ಚೀಟಿಯನ್ನು ಅಲ್ಲೇ ನಿಂತು ಓದಿ ಅಂತ ಹೇಳಿ ಕಳಿಸಿದ್ದೆ. ಆಪರೇಟರ್ ಟೈಪ್ ಮಾಡಿದ್ದು ಆ ಚೀಟಿಯಲ್ಲಿರುತ್ತದೆ. ಒಂದೇ ಸಲ ಸಿಗುವ ಅವಕಾಶ, ಮನೆಗೆ ಬಂದು ತಪ್ಪು ನೋಡಿದರೆ ಏನು ಮಾಡುತ್ತೀರಿ? ಎರಡು ವಾರದಲ್ಲಿ ದಿನ ಬದಲಾಯಿತು. ಕೆಲವರಿಗೆ ತಿಂಗಳೂ ಆಗುತ್ತದೆ.

ಆಮೇಲೆ ಪ್ಯಾನ್ ಹೆಸರಿನ ತಿದ್ದುಪಡಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಅವರ ಕೈಯಲ್ಲೇ ಇದ್ದುದರಿಂದ ಆಧಾರ್ ಇ-ಕೆವೈಸಿ ದಾರಿಯಲ್ಲಿ ಹಾಕಿದೆವು. ಆ ದಾರಿಯಲ್ಲಿ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಬರುತ್ತದೆ, ಯಾವ ಏಜೆಂಟನೂ ಸುಧಾರಿಸಲಾರ. ಪ್ಯಾನ್ ನಂಬರ್ ಅದೇ ಇರುತ್ತದೆ. ನಂಬರ್ ಬದಲಾಗುತ್ತದೆ ಅಂತ ಹೆದರಿ ಹೊಸ ಪ್ಯಾನ್‌ಗೆ ಅರ್ಜಿ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ, ಎರಡು ಪ್ಯಾನ್ ಇಟ್ಟುಕೊಂಡರೆ ₹10,000 ದಂಡಕ್ಕೆ ದಾರಿ. ಮೂರು ವಾರದ ನಂತರ Verify PAN Status ಹಸಿರು ತೋರಿಸಿತು. ಅಲ್ಲಿಯವರೆಗೆ ವ್ಯಾಲೆಟ್ ಮುಟ್ಟಬೇಡಿ ಅಂದಿದ್ದೆ. ಮುಟ್ಟಲಿಲ್ಲ.

ಆ ನಡುವೆ ಒಂದು ಫೋನ್ ಬಂದಿತ್ತಂತೆ. ಇವತ್ತೇ ಕೆವೈಸಿ ಮಾಡದಿದ್ದರೆ ವ್ಯಾಲೆಟ್ ಬಂದ್, ಒಂದು ಆ್ಯಪ್ ಹಾಕಿಕೊಳ್ಳಿ, ನಾವೇ ಮಾಡಿಕೊಡುತ್ತೇವೆ ಅಂತ. ಸ್ಕ್ರೀನ್ ನೋಡುವ ಕಳ್ಳರು. ಅಕ್ಕ "ನಮ್ಮ ಸರ್ ಮುಟ್ಟಬ್ಯಾಡ ಅಂದಾರ" ಅಂತ ಇಟ್ಟರಂತೆ. ನನಗೆ ಬಹಳ ಖುಷಿಯಾಯಿತು.

ಕೊನೆಗೆ ವಿಡಿಯೋ ಕೆವೈಸಿ. ಮೊದಲ ಸಲ ಅದೂ ಕೆಟ್ಟಿತು. ಮಗ ಹೊಸ ಇ-ಪ್ಯಾನ್ ಪ್ರಿಂಟ್ ಹಾಕಿಸಿ ಕೊಟ್ಟಿದ್ದ, ಅವರು ಅದನ್ನೇ ಕ್ಯಾಮೆರಾ ಮುಂದೆ ಹಿಡಿದರು. ವಿಡಿಯೋ ಕೆವೈಸಿಯಲ್ಲಿ ಇ-ಪ್ಯಾನ್‌ನ ಮುದ್ರಿತ ಪ್ರತಿ ನಡೆಯುವುದಿಲ್ಲ, ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ಅಂಚೆಯಲ್ಲಿ ಹೊಸ ಕಾರ್ಡ್ ಬರುವವರೆಗೆ ಕಾದೆವು. ಎರಡನೇ ಸಲ ಹಿಟ್ಟಿನ ಕೈ ಒರೆಸಿಕೊಂಡು ಕೂತು ಐದು ನಿಮಿಷದಲ್ಲಿ ಮುಗಿಸಿದರು. ಹಳೇ ಅರ್ಜಿಯನ್ನು ಮುಂದುವರಿಸದೆ ಹೊಸದಾಗಿ ಶುರು ಮಾಡಿ ಅಂದಿದ್ದೆ. ಆಧಾರ್ ತಿದ್ದಿದ ಮಾತ್ರಕ್ಕೆ ಆ್ಯಪ್ ಒಳಗಿನ ಹಳೇ ವಿವರ ತಾನಾಗಿ ಬದಲಾಗುತ್ತದೆ ಅಂತ ನಂಬುವ ಹಾಗಿಲ್ಲ. ಎಲ್ಲ ಹೊಂದಿದ ಮೇಲೂ ಕಂಪನಿ ಸುಮ್ನೆ ಸತಾಯಿಸಿದರೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ತಾಣ cms.rbi.org.in ಇದೆ. ಇವರಿಗೆ ಅದರ ಅಗತ್ಯ ಬೀಳಲಿಲ್ಲ.

ಮರುವಾರ ಮತ್ತೆ ಫೋನ್. "ಲಿಮಿಟ್ ತೆಗದೇವಿ ಅಂದಾರ್ರಿ, ಆದ್ರ ಜೋಳದವಗ ಹದಿನಾಲ್ಕು ಸಾವಿರ ಹೋಗವಲ್ದು." ಅದೊಂದು ಹೇಳುವುದು ನನಗೇ ಮರೆತಿತ್ತು. ಪೂರ್ತಿ ಕೆವೈಸಿ ಆದಮೇಲೂ ಮೊದಲೇ ನೋಂದಾಯಿಸದ ಖಾತೆಗೆ ತಿಂಗಳಿಗೆ ₹10,000 ಮಿತಿ. ಆ ವ್ಯಾಪಾರಿಯ ಖಾತೆಯನ್ನು ಫಲಾನುಭವಿ ಅಂತ ಮೊದಲು ಸೇರಿಸಬೇಕು, ಆಗ ತಿಂಗಳಿಗೆ ₹2,00,000ದವರೆಗೆ ಹೋಗಬಹುದು. ಕೆಲವು ಕಂಪನಿಗಳು ತಮ್ಮದೇ ಮಿತಿ ಇನ್ನೂ ಕಡಿಮೆ ಇಟ್ಟಿರುತ್ತವೆ. ಫೋನಿನಲ್ಲೇ ಹೇಳಿಕೊಟ್ಟೆ. ಖಾತೆ ಸೇರಿಸಿದರು, ಸಂಜೆ ಜೋಳದ ದುಡ್ಡು ಹೋಯಿತು.